ಪಾಸ್‌ಪೋರ್ಟ್ ಫೋಟೊ ಕ್ರಾಪ್: ಮೊದಲು ತಲೆ ಅಳೆಯಿರಿ, ಆಮೇಲೆ ಚೌಕಟ್ಟು ಹಾಕಿ

ಪಾಸ್‌ಪೋರ್ಟ್ ಸೈಜ್ ಎಂದರೆ 35×45 ಮಿಲಿಮೀಟರ್ ಎಂದು ಸ್ಟುಡಿಯೊದವರಿಂದ ಹಿಡಿದು ಜೆರಾಕ್ಸ್ ಅಂಗಡಿಯವರವರೆಗೆ ಎಲ್ಲರಿಗೂ ಗೊತ್ತು. ಆದರೆ ಅದು ಕಾಗದದ ಅಳತೆ ಮಾತ್ರ. ಆ ಕಾಗದದೊಳಗೆ ತಲೆ ಎಷ್ಟು ಎತ್ತರ ಇರಬೇಕು, ಮೇಲೆ ಎಷ್ಟು ಜಾಗ ಬಿಡಬೇಕು, ಮುಖದ ನಡುಗೆರೆ ಎಲ್ಲಿ ಬೀಳಬೇಕು ಎಂಬುದು ಬೇರೆ ಲೆಕ್ಕ. ಮನೆಯಲ್ಲಿ ಕ್ರಾಪ್ ಮಾಡುವವರು ಎಡವುವುದು ಇಲ್ಲೇ. ಮೊದಲು ಚೌಕಟ್ಟು ಎಳೆದು, ಅದರೊಳಗೆ ಮುಖ ಹೇಗೋ ಕೂರುವಂತೆ ಅತ್ತಿತ್ತ ಸರಿಸುತ್ತಾರೆ. ಮಾಡಬೇಕಾದದ್ದು ಇದಕ್ಕೆ ತಿರುಗಾಮುರುಗಾ: ತಲೆಯನ್ನು ಅಳೆದರೆ ಚೌಕಟ್ಟಿನ ಗಾತ್ರ ತಾನೇ ಸಿಗುತ್ತದೆ, ಕಣ್ಣುಗಳನ್ನು ಅಳೆದರೆ ಅದನ್ನು ಎಲ್ಲಿ ಇಡಬೇಕೆಂಬುದು ಸಿಗುತ್ತದೆ.

ಉದಾಹರಣೆಗೆ ಭಾರತದ ಪಾಸ್‌ಪೋರ್ಟನ್ನೇ ತೆಗೆದುಕೊಳ್ಳೋಣ. ಊರಿನಲ್ಲಿ ಅರ್ಜಿ ಹಾಕುವ ದೊಡ್ಡವರಿಗೆ ಈ ತಲೆನೋವಿಲ್ಲ. ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲೇ ಫೋಟೊ ತೆಗೆಯುತ್ತಾರೆ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಮಾತ್ರ ಬಿಳಿ ಹಿನ್ನೆಲೆಯ ಫೋಟೊ ಒಯ್ಯಬೇಕು. ಹೊರದೇಶದಲ್ಲಿರುವವರ ಕಥೆ ಬೇರೆ. 2025ರ ಸೆಪ್ಟೆಂಬರ್ 1ರಿಂದ ವಿದೇಶಗಳಲ್ಲಿನ ಭಾರತೀಯ ರಾಯಭಾರ ಕಚೇರಿಗಳು ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮಾನದಂಡಕ್ಕೆ ಹೊಂದುವ ಫೋಟೊ ಕೇಳುತ್ತಿವೆ: 630×810 ಪಿಕ್ಸೆಲ್, ಬಿಳಿ ಹಿನ್ನೆಲೆ, ಮುಖ ಫೋಟೊದ ಶೇ 80ರಿಂದ 85ರಷ್ಟು.

630ನ್ನು 810ರಿಂದ ಭಾಗಿಸಿದರೆ 7:9 ಬರುತ್ತದೆ. 35:45 ಕೂಡ 7:9. ಅಂದರೆ ಇವೆರಡೂ ಒಂದೇ ಆಕಾರ. ಒಂದು ಮಿಲಿಮೀಟರಿಗೆ 18 ಪಿಕ್ಸೆಲ್. ಈ 18 ನೆನಪಿನಲ್ಲಿದ್ದರೆ ಪರದೆಯ ಮೇಲಿನ ಲೆಕ್ಕವನ್ನು ಯಾವಾಗ ಬೇಕಾದರೂ ಸ್ಕೇಲಿನ ಲೆಕ್ಕಕ್ಕೆ ತಿರುಗಿಸಿಕೊಳ್ಳಬಹುದು.

ತೆಗೆಯುವಾಗಲೇ ನೋಡಿಕೊಳ್ಳಬೇಕಾದದ್ದು

ಕ್ರಾಪ್ ಎಂದರೆ ಇರುವುದನ್ನು ಕತ್ತರಿಸುವುದು. ಇಲ್ಲದ ಜಾಗವನ್ನು ಅದು ಸೇರಿಸಲಾರದು, ಇಲ್ಲದ ವಿವರವನ್ನೂ ತರಲಾರದು. ಹಾಗಾಗಿ ತಲೆಯ ಸುತ್ತ ಧಾರಾಳವಾಗಿ ಗೋಡೆ ಕಾಣಬೇಕು, ಕೆಳಗೆ ಎದೆಯವರೆಗೆ ಬರಬೇಕು. ಹಾಗೆಂದು ತೀರಾ ದೂರದಿಂದ ತೆಗೆದರೆ ತಲೆಗೆ ಸಿಗುವ ಪಿಕ್ಸೆಲ್ ಸಾಲುವುದಿಲ್ಲ.

ಎಷ್ಟು ಸಾಕು? 810ರ ಶೇ 80 ಎಂದರೆ 648. ಮೂಲ ಚಿತ್ರದಲ್ಲಿ ನೆತ್ತಿಯಿಂದ ಗದ್ದದವರೆಗೆ ಕನಿಷ್ಠ 648 ಪಿಕ್ಸೆಲ್ ಇರಬೇಕು, ಅದರ ಒಂದೂವರೆ ಪಟ್ಟು ಇದ್ದರೆ ನೆಮ್ಮದಿ. ಈಗಿನ ಫೋನುಗಳ ಮುಖ್ಯ ಕ್ಯಾಮೆರಾ ವಿಶಾಲವಾಗಿ ನೋಡುತ್ತದೆ. ನಾಲ್ಕು ಅಡಿ ದೂರದಿಂದ, ಝೂಮ್ ಇಲ್ಲದೆ, 3024×4032 ಅಳತೆಯ ಚಿತ್ರ ತೆಗೆದರೆ ತಲೆಗೆ ಸಿಗುವುದು ಸುಮಾರು 560 ಪಿಕ್ಸೆಲ್. ಸಾಲದು. ಆಗ ಜನ ಮಾಡುವುದು ಏನೆಂದರೆ ಫೋನನ್ನು ಮುಖದ ಹತ್ತಿರ ತರುವುದು. ಎರಡು ಅಡಿಯೊಳಗೆ ಬಂದರೆ ಮೂಗು ಉಬ್ಬಿ ಕಿವಿಗಳು ಹಿಂದೆ ಸರಿಯುತ್ತವೆ; ಸೆಲ್ಫಿಯಲ್ಲಿ ಮುಖ ಬೇರೆ ಥರ ಕಾಣುವುದು ಇದರಿಂದಲೇ. ಮುಖದ ರೂಪವನ್ನು ನಿರ್ಧರಿಸುವುದು ದೂರ, ಗಾತ್ರವನ್ನು ನಿರ್ಧರಿಸುವುದು ಝೂಮ್. ಆದ್ದರಿಂದ ನಾಲ್ಕು ಅಡಿ ದೂರವನ್ನು ಬಿಡದೆ 2x ಝೂಮ್ ಹಾಕಿ. ತಲೆ 1100 ಪಿಕ್ಸೆಲ್ ಆಸುಪಾಸಿಗೆ ಬರುತ್ತದೆ. ಇದು ಫೋನಿನಲ್ಲಿ ನಿಜವಾದ 2x ಇದ್ದರೆ ಮಾತ್ರ. ಕೆಲವು ಫೋನುಗಳು 2x ಎಂದು ತೋರಿಸಿ ಅದೇ ಚಿತ್ರವನ್ನು ಹಿಗ್ಗಿಸಿ ಕೊಡುತ್ತವೆ. ಪೂರ್ತಿ ಗಾತ್ರದಲ್ಲಿ ನೋಡಿದಾಗ ಹುಬ್ಬಿನ ಕೂದಲು ಎಳೆ ಎಳೆಯಾಗಿ ಕಂಡರೆ ನಿಜವಾದದ್ದು, ಬಣ್ಣ ಬಳಿದಂತೆ ಕಂಡರೆ ಹಿಗ್ಗಿಸಿದ್ದು.

ಇನ್ನೊಂದು: ಆ ಫೋಟೊವನ್ನು ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿಕೊಳ್ಳಬೇಡಿ. ಸಾಮಾನ್ಯ ಗುಣಮಟ್ಟದಲ್ಲಿ ಕಳಿಸಿದರೆ 4032 ಪಿಕ್ಸೆಲ್ಲಿನ ಉದ್ದ 1600ರ ಸುತ್ತ ಇಳಿಯುತ್ತದೆ, ತಲೆಯೂ ಅದೇ ಲೆಕ್ಕದಲ್ಲಿ ಕುಗ್ಗಿ 648ಕ್ಕಿಂತ ಎಷ್ಟೋ ಕೆಳಗೆ ಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಹಾಗೇ ಬರುತ್ತದೆ.

ಅಳತೆ: ಬೇಕಾದದ್ದು ನಾಲ್ಕೇ ಬಿಂದು

ಚಿತ್ರವನ್ನು ಕಂಪ್ಯೂಟರಿನಲ್ಲಿ ತೆರೆಯಿರಿ. ಜಿಂಪ್ ಎಂಬ ಉಚಿತ ಚಿತ್ರ ತಿದ್ದುವ ಸಾಫ್ಟ್‌ವೇರ್ ಇದ್ದರೆ ಒಳ್ಳೆಯದು, ವಿಂಡೋಸ್‌ನ ಪೇಂಟ್ ಆದರೂ ನಡೆದೀತು. ಎರಡರಲ್ಲೂ ಮೌಸ್ ಎಲ್ಲಿದೆಯೋ ಆ ಜಾಗದ ಸಂಖ್ಯೆಗಳು ಕೆಳಗಿನ ಪಟ್ಟಿಯಲ್ಲಿ ಕಾಣುತ್ತವೆ. ಮೊದಲನೆಯದು ಎಡ ಅಂಚಿನಿಂದ ಎಷ್ಟು ಎಂಬುದು, ಎರಡನೆಯದು ಮೇಲಿನ ಅಂಚಿನಿಂದ ಎಷ್ಟು ಎಂಬುದು. ಬೇಕಾದ ಬಿಂದುಗಳು ಇಷ್ಟೇ: ನೆತ್ತಿ, ಗದ್ದದ ತುದಿ, ಎರಡು ಕಣ್ಣುಪಾಪೆಗಳು.

ನಮ್ಮ ಮಾದರಿ ಚಿತ್ರ 3024×4032. ಅದರಲ್ಲಿ ನೆತ್ತಿ ಮೇಲಿನಿಂದ 1304ರಲ್ಲಿ, ಗದ್ದ 2456ರಲ್ಲಿ ಇವೆ ಎನ್ನೋಣ. ತಲೆಯ ಎತ್ತರ 1152. ಪಾಪೆಗಳು ಎಡದಿಂದ 1402 ಮತ್ತು 1718ರಲ್ಲಿ. ಎರಡೂ ಮೇಲಿನಿಂದ 1880ರಲ್ಲಿ.

ನೆತ್ತಿಯ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಪಾಸ್‌ಪೋರ್ಟ್ ಫೋಟೊದ ಅಂತಾರಾಷ್ಟ್ರೀಯ ಮಾನದಂಡದಲ್ಲಿ ನೆತ್ತಿ ಎಂದರೆ ಕೂದಲನ್ನು ಲೆಕ್ಕಕ್ಕೆ ಹಿಡಿಯದ ತಲೆಬುರುಡೆಯ ತುದಿ. ಗುಂಗುರು ಕೂದಲು ಎರಡು ಬೆರಳು ಮೇಲೆದ್ದಿದ್ದರೆ ಆ ಎತ್ತರವನ್ನು ಸೇರಿಸಬಾರದು. ಆದರೆ ಕೂದಲಿನೊಳಗಿನ ನೆತ್ತಿ ಕಾಣುವುದಾದರೂ ಹೇಗೆ? ದೊಡ್ಡವರ ತಲೆಯಲ್ಲಿ ಕಣ್ಣುಗಳು ಹೆಚ್ಚುಕಮ್ಮಿ ಸರಿಯಾಗಿ ಅರ್ಧ ಎತ್ತರದಲ್ಲಿರುತ್ತವೆ. ಕಣ್ಣಿನಿಂದ ಗದ್ದಕ್ಕೆ ಎಷ್ಟು ದೂರವೋ ಕಣ್ಣಿನಿಂದ ಮೇಲಕ್ಕೂ ಅಷ್ಟೇ ದೂರ ಅಳೆದರೆ ನೆತ್ತಿ ಸಿಗುತ್ತದೆ. ನಮ್ಮ ಚಿತ್ರದಲ್ಲಿ 2456ರಿಂದ 1880 ಕಳೆದರೆ 576. 1880ರಿಂದ ಮತ್ತೆ 576 ಕಳೆದರೆ 1304. ಪುಟ್ಟ ಮಕ್ಕಳಿಗೆ ಈ ಉಪಾಯ ನಡೆಯುವುದಿಲ್ಲ. ಅವರ ಹಣೆ ದೊಡ್ಡದು, ಕಣ್ಣು ಅರ್ಧಕ್ಕಿಂತ ಕೆಳಗೆ. ಅವರ ನೆತ್ತಿಯನ್ನು ಕಣ್ಣಳತೆಯಲ್ಲೇ ಗುರುತಿಸಿ. ಕೂದಲು ಕಡಿಮೆ ಇರುವುದರಿಂದ ಕಷ್ಟವಾಗದು.

ಚೌಕಟ್ಟಿನ ಲೆಕ್ಕ

ತಲೆ ಚೌಕಟ್ಟಿನ ಶೇ 80 ಆಗಬೇಕು ಎಂದಿಟ್ಟುಕೊಳ್ಳಿ. 1152ನ್ನು 0.80ರಿಂದ ಭಾಗಿಸಿದರೆ 1440. ಇದೇ ಚೌಕಟ್ಟಿನ ಎತ್ತರ. ಅದನ್ನು 7ರಿಂದ ಗುಣಿಸಿ 9ರಿಂದ ಭಾಗಿಸಿದರೆ 1120. ಇದು ಅಗಲ.

ಶೇ 80ನ್ನೇ ಆರಿಸಿದ್ದಕ್ಕೆ ಕಾರಣವಿದೆ. ಯುರೋಪಿನ ಷೆಂಗೆನ್ ವೀಸಾಕ್ಕೂ 35×45 ಫೋಟೊವೇ ಬೇಕು, ಆದರೆ ಅಲ್ಲಿ ತಲೆ 32ರಿಂದ 36 ಮಿಲಿಮೀಟರ್. 45ರ ಶೇ 80 ಎಂದರೆ 36. ಒಬ್ಬರ ಕನಿಷ್ಠ ಇನ್ನೊಬ್ಬರ ಗರಿಷ್ಠವಾಗುವುದು ಅಲ್ಲೇ. ಹಾಗೆಂದು ಒಂದೇ ಫೋಟೊದಲ್ಲಿ ಎರಡನ್ನೂ ಮುಗಿಸುವ ಆಸೆ ಬೇಡ. ಒಂದೆರಡು ಪಿಕ್ಸೆಲ್ ಅಳತೆ ತಪ್ಪಿದರೂ ಒಂದು ಕಡೆ ಹೊರಗೆ ಬೀಳುತ್ತದೆ. ಭಾರತದ ಪಾಸ್‌ಪೋರ್ಟಿಗೆ ಮಾತ್ರವಾದರೆ ಶೇ 82 ಇಟ್ಟುಕೊಂಡರೆ ಎರಡೂ ಬದಿಗೆ ಸ್ವಲ್ಪ ಸಡಿಲ ಸಿಗುತ್ತದೆ. ಚೌಕಟ್ಟು ಆಗ 1093×1405 ಆಗುತ್ತದೆ. ಷೆಂಗೆನ್‌ಗೆ ಶೇ 75 ಇಡಿ. ಇಲ್ಲಿ ಅಂಕಿಗಳು ಸಲೀಸಾಗಿ ಬರಲಿ ಎಂದು 80ರಲ್ಲೇ ಮುಂದುವರಿಯೋಣ.

ಈಗ ಅಡ್ಡ ಸ್ಥಾನ. ಎರಡು ಪಾಪೆಗಳ ಮಧ್ಯಬಿಂದು, 1402 ಮತ್ತು 1718ರ ಸರಾಸರಿ, 1560. ಅಲ್ಲಿಂದ ಅಗಲದ ಅರ್ಧವಾದ 560 ಕಳೆದರೆ ಎಡ ಅಂಚು 1000, ಕೂಡಿಸಿದರೆ ಬಲ ಅಂಚು 2120. ಮುಖವನ್ನು ನಡುವಿಗೆ ತರುವುದು ಎಂದರೆ ಇಷ್ಟೇ.

ಕಣ್ಣುಗಳನ್ನೇ ಏಕೆ ಹಿಡಿಯಬೇಕು? ಕೂದಲಿನ ಅಂಚುಗಳ ನಡುವನ್ನು ಹಿಡಿದರೆ ಒಂದು ಬದಿಗೆ ಬಾಚಿದ ಕೂದಲು ಅಥವಾ ಮುಂದೆ ಇಳಿಬಿಟ್ಟ ಜಡೆ ಲೆಕ್ಕವನ್ನು ಎಳೆದುಬಿಡುತ್ತದೆ. ಭುಜಗಳನ್ನು ಹಿಡಿದರೆ, ಒಂದು ಭುಜ ಸ್ವಲ್ಪ ಮುಂದಿದ್ದರೂ ತಪ್ಪು. ಇನ್ನು ಇಡೀ ಚಿತ್ರದ ನಡುವನ್ನೇ ಮುಖದ ನಡು ಎಂದುಕೊಂಡು ಕತ್ತರಿಸುವವರೂ ಉಂಟು. ನಮ್ಮ ಮಾದರಿಯಲ್ಲಿ ಚಿತ್ರದ ನಡು 1512. ಮುಖ ಅಲ್ಲಿಂದ 48 ಪಿಕ್ಸೆಲ್ ಬಲಕ್ಕಿದೆ. 630ರ ಅಗಲಕ್ಕೆ ಇಳಿಸಿದಾಗ ಅದು 27 ಪಿಕ್ಸೆಲ್, ಅಂದರೆ ಒಂದೂವರೆ ಮಿಲಿಮೀಟರ್. ಕಿವಿಯಿಂದ ಅಂಚಿಗೆ ಇರುವ ಜಾಗವೇ ನಾಲ್ಕು ಮಿಲಿಮೀಟರ್ ಆಸುಪಾಸು. ಹೀಗೆ ಸರಿದರೆ ಒಂದು ಬದಿಗೆ ಎರಡೂವರೆ, ಇನ್ನೊಂದು ಬದಿಗೆ ಐದೂವರೆ ಉಳಿಯುತ್ತದೆ. ಬರಿಗಣ್ಣಿಗೇ ಎದ್ದು ಕಾಣುತ್ತದೆ.

ಉಳಿದದ್ದು ಲಂಬ ಸ್ಥಾನ. ಇಲ್ಲಿ ನಡು ಎಂಬುದಕ್ಕೆ ಬೇರೆ ಅರ್ಥ. ತಲೆಯ ಮೇಲೂ ಕೆಳಗೂ ಸಮನಾಗಿ ಜಾಗ ಹಂಚಿದರೆ ಕತ್ತು, ಭುಜಗಳಿಗೆ ಜಾಗ ಸಾಲದೆ ತಲೆ ಕೆಳಕ್ಕೆ ಜಾರಿದಂತೆ ಕಾಣುತ್ತದೆ. 1440ರಲ್ಲಿ ತಲೆಗೆ 1152 ಹೋದರೆ ಉಳಿಯುವುದು 288. ಅದರಲ್ಲಿ ಮೇಲೆ 112, ಕೆಳಗೆ 176 ಕೊಡಿ. ಮೇಲಿನ 112 ಅಂತಿಮ ಫೋಟೊದಲ್ಲಿ 63 ಪಿಕ್ಸೆಲ್, ಸರಿಯಾಗಿ 3.5 ಮಿಲಿಮೀಟರ್. ಎದ್ದ ಕೂದಲು ಈ ಜಾಗದೊಳಗೆ ಹಿಡಿಯಬೇಕು. ಹಿಡಿಯದಿದ್ದರೆ ಮೇಲೆ ಇನ್ನಷ್ಟು ಕೊಟ್ಟು ಕೆಳಗೆ ಕಡಿಮೆ ಮಾಡಿ, ಕೂದಲನ್ನು ಮಾತ್ರ ಕತ್ತರಿಸಬೇಡಿ. ಹೀಗೆ ಮೇಲಿನ ಅಂಚು 1304ರಿಂದ 112 ಕಳೆದು 1192, ಕೆಳಗಿನ ಅಂಚು 2632. ಕಣ್ಣುಗಳು ಅರ್ಧಕ್ಕಿಂತ ಕೂದಲೆಳೆಯಷ್ಟು ಮೇಲೆ ಬಂದು ಕೂರುತ್ತವೆ.

ಕತ್ತರಿಸುವುದು

ಜಿಂಪ್‌ನಲ್ಲಿ ಕ್ರಾಪ್ ಟೂಲ್ ಆರಿಸಿದರೆ `Position` ಮತ್ತು `Size` ಎಂಬ ಖಾನೆಗಳು ಬರುತ್ತವೆ. ಮೊದಲನೆಯದರಲ್ಲಿ 1000, 1192. ಎರಡನೆಯದರಲ್ಲಿ 1120, 1440 ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಆಮೇಲೆ `Image > Scale Image`ಗೆ ಹೋಗಿ 630×810 ಮಾಡಿ. ಟೈಪ್ ಮಾಡಿದಷ್ಟು ನಿಖರವಾಗಿ ಮೌಸಿನಲ್ಲಿ ಎಳೆಯಲು ಯಾರಿಂದಲೂ ಆಗದು.

ಮನೆಮಂದಿಯ ನಾಲ್ಕಾರು ಫೋಟೊ ಮಾಡಬೇಕಿದ್ದರೆ, ಆದೇಶ ಟೈಪ್ ಮಾಡಿ ಚಿತ್ರ ತಿದ್ದುವ ಇಮೇಜ್‌ಮ್ಯಾಜಿಕ್ ಎಂಬ ಸಾಫ್ಟ್‌ವೇರಿನಲ್ಲಿ ಒಂದೊಂದಕ್ಕೂ ಒಂದೇ ಸಾಲು ಸಾಕು, ಫೈಲಿನ ಹೆಸರನ್ನೂ ಚೌಕಟ್ಟಿನ ಅಂಕಿಗಳನ್ನೂ ಆಯಾ ಫೋಟೊಗೆ ತಕ್ಕಂತೆ ಬದಲಿಸಿ:

```
magick photo.jpg -auto-orient -crop 1120x1440+1000+1192 +repage -resize 630x810 -quality 92 out.jpg
```

ಇದರಲ್ಲಿ `-auto-orient` ಬಿಟ್ಟರೆ ತೊಂದರೆ. ಫೋನನ್ನು ನೆಟ್ಟಗೆ ಹಿಡಿದು ತೆಗೆದರೂ ಎಷ್ಟೋ ಫೋನುಗಳು ಚಿತ್ರವನ್ನು ಅಡ್ಡಡ್ಡ ಉಳಿಸಿ, ‘ತೋರಿಸುವಾಗ ತಿರುಗಿಸು’ ಎಂಬ ಗುರುತನ್ನು ಫೈಲಿನೊಳಗೆ ಇಟ್ಟಿರುತ್ತವೆ. ನೀವು ಅಳೆದದ್ದು ನೆಟ್ಟಗಿನ ಚಿತ್ರ, ಕತ್ತರಿ ಬೀಳುವುದು ಅಡ್ಡ ಚಿತ್ರಕ್ಕೆ. ಬರುವುದು ಬರೀ ಗೋಡೆಯೋ ಅರ್ಧ ಕಿವಿಯೋ ಆಗಿದ್ದರೆ ಕಾರಣ ಇದೇ.

ಬಂದ ಫೈಲಿನ ಅಳತೆ 630×810 ಆಗಿದೆಯೇ ನೋಡಿ. 612×810 ಎಂದೋ 630×770 ಎಂದೋ ಬಂದರೆ ಚೌಕಟ್ಟು ಮೂಲ ಚಿತ್ರದ ಹೊರಗೆ ಚಾಚಿತ್ತು ಎಂದರ್ಥ. ಹೊರಗಿನ ಭಾಗವನ್ನು ಈ ಸಾಫ್ಟ್‌ವೇರ್ ತುಂಬಿಸುವುದಿಲ್ಲ, ಸುಮ್ಮನೆ ಬಿಟ್ಟುಬಿಡುತ್ತದೆ. ಬಿಳಿ ಬಣ್ಣ ಸೇರಿಸಿ ಸರಿಪಡಿಸುವ ಬದಲು ಫೋಟೊವನ್ನೇ ಮತ್ತೆ ತೆಗೆಯುವುದು ಲೇಸು. ಗೋಡೆಯ ಬಿಳಿಗೂ ಬಳಿದ ಬಿಳಿಗೂ ನಡುವೆ ಗೆರೆ ಉಳಿಯುತ್ತದೆ.

ಫೋನಿನ ಗ್ಯಾಲರಿಯಲ್ಲೇ ಮುಗಿಸುವವರಿಗೆ ಬೇರೊಂದು ಬಲೆ ಇದೆ. ಅಲ್ಲಿ ಸಿದ್ಧವಾಗಿ ಸಿಗುವುದು 3:4 ಅಥವಾ 4:5. 7:9 ಸಿಗುವುದು ಅಪರೂಪ. 3:4ರಲ್ಲಿ ಕತ್ತರಿಸಿ, ಆಮೇಲೆ ಯಾವುದೋ ಸೈಟಿನಲ್ಲಿ 630×810 ಎಂದು ಒತ್ತಾಯದಿಂದ ಕೂರಿಸಿದರೆ ಮುಖ ಶೇ 3.7ರಷ್ಟು ಅಗಲವಾಗುತ್ತದೆ. 4:5ರಿಂದ ಮಾಡಿದರೆ ಶೇ 2.8ರಷ್ಟು ಕಿರಿದಾಗುತ್ತದೆ. ‘ಫೋಟೊದಲ್ಲಿ ಸ್ವಲ್ಪ ದಪ್ಪ ಕಾಣ್ತೀನಿ’ ಅನ್ನಿಸಿದರೆ ಊಟವನ್ನು ದೂರುವ ಮೊದಲು ಇದನ್ನು ಪರೀಕ್ಷಿಸಿ. ಕಣ್ಣಿನ ಕಪ್ಪು ಗುಂಡಗಿರಬೇಕು. ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಚಿತ್ರ ಎಳೆದಾಡಿದೆ.

ತಲೆ ಓರೆಯಾಗಿದ್ದರೆ

ನಮ್ಮ ಮಾದರಿಯಲ್ಲಿ ಎರಡೂ ಪಾಪೆಗಳು 1880ರಲ್ಲಿದ್ದವು. ನಿಮ್ಮ ಚಿತ್ರದಲ್ಲಿ ಒಂದು 1869, ಇನ್ನೊಂದು 1891 ಇರಬಹುದು. 22 ಪಿಕ್ಸೆಲ್ ವ್ಯತ್ಯಾಸವನ್ನು ಪಾಪೆಗಳ ನಡುವಿನ 316ರಿಂದ ಭಾಗಿಸಿ 57ರಿಂದ ಗುಣಿಸಿದರೆ ಸುಮಾರು 4 ಡಿಗ್ರಿ. ಅಷ್ಟು ತಿರುಗಿಸಿ ಸೇವ್ ಮಾಡಿ, ಆಮೇಲೆ ನಾಲ್ಕೂ ಬಿಂದುಗಳನ್ನು ಹೊಸದಾಗಿ ಅಳೆಯಿರಿ. ಹಳೆಯ ಸಂಖ್ಯೆಗಳು ಇನ್ನು ಕೆಲಸಕ್ಕೆ ಬಾರವು, ಏಕೆಂದರೆ ತಿರುಗಿಸಿದಾಗ ಎಲ್ಲವೂ ಜಾಗ ಬದಲಿಸುತ್ತವೆ. ಕತ್ತರಿಸಿದ ಮೇಲೆ ತಿರುಗಿಸುವುದಂತೂ ಬೇಡ. ಮೂಲೆಗಳಲ್ಲಿ ಖಾಲಿ ತ್ರಿಕೋನಗಳು ಉಳಿಯುತ್ತವೆ.

ತಿರುಗಿಸುವ ಮುಂಚೆ ಭುಜಗಳನ್ನೂ ಒಮ್ಮೆ ನೋಡಿ. ಕಣ್ಣಿನ ಜೊತೆ ಭುಜಗಳೂ ಅದೇ ಕಡೆಗೆ ವಾಲಿದ್ದರೆ ಓರೆಯಾದದ್ದು ಫೋನು, ತಿರುಗಿಸಿದರೆ ಎಲ್ಲ ನೆಟ್ಟಗಾಗುತ್ತದೆ. ಭುಜ ನೆಟ್ಟಗಿದ್ದು ತಲೆ ಮಾತ್ರ ವಾಲಿದ್ದರೆ, ತಿರುಗಿಸಿದಾಗ ತಲೆ ನೆಟ್ಟಗಾಗಿ ಭುಜ ಇಳಿಜಾರಾಗುತ್ತದೆ. ಒಂದೆರಡು ಡಿಗ್ರಿಯಾದರೆ ಗೊತ್ತಾಗದು, ಅದಕ್ಕೂ ಮೀರಿದರೆ ಮತ್ತೆ ತೆಗೆಯಿರಿ. ಮುಖವೇ ಪಕ್ಕಕ್ಕೆ ತಿರುಗಿದ್ದರೆ ಯಾವ ಕ್ರಾಪೂ ನಡುವಿಗೆ ತರಲಾರದು. ಅದರ ಗುರುತು: ಪಾಪೆಗಳ ಮಧ್ಯಬಿಂದುವಿನಿಂದ ನೇರ ಕೆಳಗೆ ಗೆರೆ ಎಳೆದರೆ ಮೂಗಿನ ತುದಿ ಅದರ ಮೇಲೆ ಬೀಳುವುದಿಲ್ಲ, ಒಂದು ಕಿವಿ ಹೆಚ್ಚು ಕಾಣುತ್ತದೆ, ಇನ್ನೊಂದು ಕಡಿಮೆ.

ಅದೇ ಫೋಟೊ, ಅಮೆರಿಕದ ವೀಸಾಕ್ಕೆ

ಅಮೆರಿಕದವರಿಗೆ ಚೌಕ ಬೇಕು: 600×600ರಿಂದ 1200×1200 ಪಿಕ್ಸೆಲ್, ಫೈಲು 240 ಕೆಬಿ ಒಳಗೆ. ನಿಯಮದ ರೀತಿಯೂ ಬೇರೆ. ತಲೆ ಎತ್ತರ ಚಿತ್ರದ ಶೇ 50ರಿಂದ 69; ಕಣ್ಣುಗಳು ಕೆಳ ಅಂಚಿನಿಂದ ಶೇ 56ರಿಂದ 69ರ ಎತ್ತರದಲ್ಲಿ. ಮತ್ತು ಇಲ್ಲಿ ತಲೆ ಅಳೆಯುವಾಗ ಕೂದಲನ್ನೂ ಸೇರಿಸಬೇಕು. ಹಿಂದಿನ ನೆತ್ತಿಯ ಲೆಕ್ಕವನ್ನೇ ಇಲ್ಲಿ ತಂದರೆ ತಪ್ಪುತ್ತದೆ.

ನಮ್ಮ ಚಿತ್ರದಲ್ಲಿ ಕೂದಲಿನ ತುದಿ 1264ರಲ್ಲಿದ್ದರೆ ತಲೆ 1192 ಆಗುತ್ತದೆ. ಶೇ 60ರ ಸುತ್ತ ಗುರಿ ಇಟ್ಟರೆ 2000×2000 ಚೌಕ. ಕಣ್ಣು ಶೇ 62ರಲ್ಲಿ ಬರಲಿ: 2000ದ ಶೇ 62 ಎಂದರೆ 1240. ಕಣ್ಣು 1880ರಲ್ಲಿರುವುದರಿಂದ ಕೆಳ ಅಂಚು 3120, ಮೇಲಿನ ಅಂಚು 1120. ಅಡ್ಡಕ್ಕೆ ಅದೇ 1560ರಿಂದ ಎರಡೂ ಕಡೆ 1000: ಎಡ 560, ಬಲ 2560.

```
magick photo.jpg -auto-orient -crop 2000x2000+560+1120 +repage -resize 600x600 -define jpeg:extent=240KB us.jpg
```

ಹಿಂದಿನ ಚೌಕಟ್ಟಿನ ಅಗಲ 1120, ಇದರದ್ದು 2000. ಸ್ಟುಡಿಯೊದಲ್ಲಿ ಮಾಡಿಸಿದ 35×45 ಫೋಟೊವನ್ನು ಸ್ಕ್ಯಾನ್ ಮಾಡಿ ಅಮೆರಿಕದ ಚೌಕಕ್ಕೆ ಕೂರಿಸಲು ಹೋದವರಿಗೆ ಆಗದೇ ಇರುವುದು ಇದಕ್ಕೇ: ಬೇಕಾದ ಗೋಡೆಯೂ ಎದೆಯೂ ಅದರಲ್ಲಿ ಇಲ್ಲವೇ ಇಲ್ಲ. ಕತ್ತರಿಸದ ಮೂಲ ಫೈಲನ್ನು ಸ್ಟುಡಿಯೊದವರಿಂದ ಕೇಳಿ ಇಸಿದುಕೊಳ್ಳಿ. ಕನ್ನಡಕ ಹಾಕಿದ ಫೋಟೊ ಆಗಿದ್ದರೆ ಅದೂ ಬೇಡ. 2016ರ ನವೆಂಬರಿನಿಂದ ಅಮೆರಿಕ ಕನ್ನಡಕವನ್ನು ಒಪ್ಪುವುದಿಲ್ಲ.

ಮುದ್ರಿಸುವಾಗ

ನಾಲ್ಕು ಆರು ಇಂಚಿನ ಕಾಗದದಲ್ಲಿ 35×45 ಅಳತೆಯ ಎಂಟು ಪ್ರತಿ ಹಿಡಿಯುತ್ತವೆ: ನಾಲ್ಕರಂತೆ ಎರಡು ಸಾಲು. ಕ್ರಾಪ್ ಎಷ್ಟೇ ನಿಖರವಾಗಿದ್ದರೂ ಕೊನೆಯಲ್ಲಿ ಕೆಡುವುದು ಪ್ರಿಂಟರಿನಲ್ಲಿ. ಅಂಚಿಲ್ಲದ ಮುದ್ರಣ ಆರಿಸಿದರೆ ಕಾಗದದ ಅಂಚಿನವರೆಗೂ ಮಸಿ ತುಂಬಲು ಪ್ರಿಂಟರ್ ಚಿತ್ರವನ್ನು ತುಸು ಹಿಗ್ಗಿಸುತ್ತದೆ. ಪುಟಕ್ಕೆ ಹೊಂದಿಸು ಎಂಬ ಆಯ್ಕೆಯೂ ಗಾತ್ರ ಬದಲಿಸುತ್ತದೆ. ಶೇ 3 ಹಿಗ್ಗಿದರೂ 36 ಮಿಲಿಮೀಟರಿನ ತಲೆ 37 ದಾಟುತ್ತದೆ. ಗಾತ್ರ ಶೇ 100 ಎಂದು ಕೊಟ್ಟು, ಅಂಚು ಬಿಟ್ಟು ಮುದ್ರಿಸಿ.

ಬಂದ ಹಾಳೆಯ ಮೇಲೆ ಸ್ಕೇಲ್ ಇಟ್ಟು ನೋಡಿ. ಹೊರಗೆ 35×45 ಇದೆಯೇ ಎಂದಷ್ಟೇ ನೋಡಿದರೆ ಸಾಲದು. ಅಂಗಡಿಯವರು ಹಿಗ್ಗಿದ ಚಿತ್ರವನ್ನೂ ಕಟರಿನಲ್ಲಿ 35×45ಕ್ಕೇ ಕತ್ತರಿಸಿರುತ್ತಾರೆ, ಹೊರಗಿನ ಅಳತೆ ಸರಿಯಾಗೇ ಬರುತ್ತದೆ. ನೆತ್ತಿಯಿಂದ ಗದ್ದಕ್ಕೆ ಅಳೆಯಿರಿ, ಆಮೇಲೆ ಎರಡು ಅಂಚುಗಳಿಂದ ಹತ್ತಿರದ ಪಾಪೆಗೆ ಇರುವ ದೂರ ಅಳೆಯಿರಿ. ಈ ಎರಡು ದೂರಗಳ ನಡುವೆ ಒಂದು ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಕಟರ್ ಜಾರಿದೆ. ಅದೇ ಹಾಳೆಯಿಂದ ಇನ್ನೊಂದು ಪ್ರತಿ ಕತ್ತರಿಸಿಕೊಡಲು ಹೇಳಿ.